ವಿನಿಮಯ ಸಮೀಕರಣದ ಲೆಕ್ಕಗಳು: ಚಲಾವಣೆಯ ವೇಗವನ್ನು ಕಲಿಸುವ ಬಗೆ



ಹಣದ ಪರಿಮಾಣ ಸಿದ್ಧಾಂತದ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳ ಮುಂದೆ ಸಾಮಾನ್ಯವಾಗಿ ಬರುವ ಪ್ರಶ್ನೆ ಹೀಗಿರುತ್ತದೆ: ಒಂದು ದೇಶದಲ್ಲಿ ಹಣದ ಪೂರೈಕೆ 400 ಕೋಟಿ ರೂಪಾಯಿ, ಹಣದ ಚಲಾವಣೆಯ ವೇಗ 5, ವರ್ಷದಲ್ಲಿ ಮಾರಾಟವಾದ ಸರಕು 1000 ಕೋಟಿ ಘಟಕ. ಬೆಲೆ ಮಟ್ಟವೆಷ್ಟು? ವಿದ್ಯಾರ್ಥಿಯು MV = PT ಎಂದು ಬರೆದು, 400 ಅನ್ನು 5ರಿಂದ ಗುಣಿಸಿ, ಬಂದ 2000ವನ್ನು 1000ದಿಂದ ಭಾಗಿಸಿ, ಉತ್ತರ 2 ಎಂದು ಅಡಿಗೆರೆ ಎಳೆಯುತ್ತಾನೆ. ಉತ್ತರ ಸರಿ. ಆದರೆ ಆ 2 ಏನು ಎಂದು ಕೇಳಿದರೆ ತರಗತಿಯಲ್ಲಿ ಮೌನ ಆವರಿಸುತ್ತದೆ. ಅದು ಘಟಕವೊಂದಕ್ಕೆ ಎರಡು ರೂಪಾಯಿ ಎಂದು ಹೇಳಬಲ್ಲವರು ಕೆಲವರು. 5 ಎಂಬುದು ಏನನ್ನು ಅಳೆಯುತ್ತದೆ ಎಂದು ಹೇಳಬಲ್ಲವರು ಇನ್ನೂ ಕಡಿಮೆ. ಪ್ರಶ್ನೆಯ ರೂಪ ತುಸು ಬದಲಾದೊಡನೆ ಇಂಥ ವಿದ್ಯಾರ್ಥಿ ದಾರಿ ತಪ್ಪುತ್ತಾನೆ. ಆದುದರಿಂದ ಈ ಲೆಕ್ಕಗಳ ಬೋಧನೆಯಲ್ಲಿ V ಎಂಬ ಅಕ್ಷರಕ್ಕೇ ಹೆಚ್ಚಿನ ಕಾಲ ಮೀಸಲಿಡುವುದು ಉಚಿತ.

ಸಂತೆಯ ಒಂದು ದೃಷ್ಟಾಂತದಿಂದ ಆರಂಭಿಸಬಹುದು. ಗಿರಾಕಿಯೊಬ್ಬನು ನೂರು ರೂಪಾಯಿಯ ಒಂದು ನೋಟನ್ನು ಕೊಟ್ಟು ತರಕಾರಿ ಕೊಳ್ಳುತ್ತಾನೆ. ತರಕಾರಿಯವಳು ಅದೇ ನೋಟಿನಿಂದ ಬಟ್ಟೆ ಕೊಳ್ಳುತ್ತಾಳೆ. ಬಟ್ಟೆಯವನು ಬೆಲ್ಲವನ್ನು, ಬೆಲ್ಲದವನು ಮಡಕೆಯನ್ನು, ಮಡಕೆಯವನು ಅಕ್ಕಿಯನ್ನು ಕೊಳ್ಳುತ್ತಾರೆ. ಸಂಜೆ ನೋಟು ಅಕ್ಕಿ ವ್ಯಾಪಾರಿಯ ಗಲ್ಲಾಪೆಟ್ಟಿಗೆಯಲ್ಲಿ ಮಲಗುತ್ತದೆ. ಸಂತೆಯಲ್ಲಿದ್ದ ಹಣ ನೂರು ರೂಪಾಯಿ ಮಾತ್ರ. ನಡೆದ ವ್ಯಾಪಾರ ಐನೂರು ರೂಪಾಯಿಯದು. ಆ ದಿನದ ಮಟ್ಟಿಗೆ ಚಲಾವಣೆಯ ವೇಗ 5. ಮುಂದಿನ ಸಂತೆಯಲ್ಲಿ ಬೆಲ್ಲದವನು ಕಾಲ ಕೆಟ್ಟಿದೆಯೆಂದು ಅಂಜಿ ನೋಟನ್ನು ತನ್ನಲ್ಲೇ ಇರಿಸಿಕೊಂಡನೆಂದು ಭಾವಿಸಬೇಕು. ವ್ಯಾಪಾರ ಮೂರಕ್ಕೇ ನಿಲ್ಲುತ್ತದೆ. ವೇಗವೂ 3ಕ್ಕೆ ಇಳಿಯುತ್ತದೆ. ಸಂತೆಗೆ ಬಂದ ಹಣದಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ; ಆದರೂ ಮಡಕೆಯವನಿಗೂ ಅಕ್ಕಿಯವನಿಗೂ ಬೋಣಿಯಾಗಲಿಲ್ಲ.

ಈ ದೃಷ್ಟಾಂತದಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, MV ಎಂದರೆ ಕೊಂಡವರು ಕೊಟ್ಟ ಒಟ್ಟು ಹಣ, PT ಎಂದರೆ ಮಾರಿದವರು ಪಡೆದ ಒಟ್ಟು ಹಣ. ಒಂದೇ ವ್ಯವಹಾರವನ್ನು ಎರಡು ಕಡೆಯಿಂದ ಎಣಿಸಿದಾಗ ಮೊತ್ತ ಒಂದೇ ಆಗಿರಲೇಬೇಕು. ಆದಕಾರಣ ವಿನಿಮಯ ಸಮೀಕರಣವು ಎಂದಿಗೂ ಸುಳ್ಳಾಗದ ಒಂದು ಸಮತೆ, ಅದಷ್ಟೇ ಸಿದ್ಧಾಂತವಲ್ಲ. V ಮತ್ತು T ಗಳು M ನ ಬದಲಾವಣೆಯಿಂದ ಬದಲಾಗುವುದಿಲ್ಲ, M ನ ಏರಿಳಿತವೇ P ಯ ಏರಿಳಿತಕ್ಕೆ ಕಾರಣ ಎಂಬ ಊಹೆಗಳನ್ನು ಕೂಡಿಸಿದಾಗ ಮಾತ್ರ ಅದು ಪರಿಮಾಣ ಸಿದ್ಧಾಂತವಾಗುತ್ತದೆ. ಎರಡನೆಯದು, V ಇಳಿದಾಗ P ಇಳಿಯುವುದೋ T ಇಳಿಯುವುದೋ ಎಂಬುದನ್ನು ಸಮೀಕರಣವು ಹೇಳುವುದಿಲ್ಲ. ಎರಡನೆಯ ಸಂತೆಯಲ್ಲಿ ಬೆಲೆಗಳು ಇಳಿಯಲಿಲ್ಲ, ಮಾರಾಟ ಇಳಿಯಿತು. ಪ್ರಶ್ನೆಯಲ್ಲಿ ಯಾವುದು ಸ್ಥಿರವೆಂದು ಹೇಳದಿದ್ದರೆ ಉತ್ತರವೂ ನಿಶ್ಚಿತವಾಗಿರದು.

ಮುಂದಿನ ಹೆಜ್ಜೆ ಕಾಲದ ಅಳತೆ. M ಎಂಬುದು ಕೆರೆಯ ನೀರಿನಂತೆ ಒಂದು ದಿನ ನಿಂತು ಅಳೆಯುವ ಸಂಗ್ರಹ. T ಎಂಬುದು ತೂಬಿನಿಂದ ಹರಿದ ನೀರಿನಂತೆ ಒಂದು ಅವಧಿಯಲ್ಲಿ ಅಳೆಯುವ ಹರಿವು. ಈ ಎರಡನ್ನೂ ಬೆಸೆಯುವುದು V. ಆದುದರಿಂದ V ಗೆ ಯಾವಾಗಲೂ ಅವಧಿಯ ಹೆಸರು ಇರಬೇಕು. ಚಲಾವಣೆಯ ವೇಗ 6 ಎಂದರೆ ಸಾಲದು. ವರ್ಷಕ್ಕೆ 6 ಎನ್ನಬೇಕು. ಅದನ್ನೇ ತಿಂಗಳ ಲೆಕ್ಕದಲ್ಲಿ ಹೇಳಿದರೆ ಅರ್ಧ. ತಿಂಗಳ ವ್ಯವಹಾರವನ್ನು ಕೊಟ್ಟು ವರ್ಷದ ವೇಗವನ್ನು ಕೇಳುವ ಪ್ರಶ್ನೆಯಲ್ಲಿ ಹನ್ನೆರಡರಿಂದ ಗುಣಿಸುವುದನ್ನು ಮರೆತ ವಿದ್ಯಾರ್ಥಿಯ ಉತ್ತರವು ಸರಿಯುತ್ತರದ ಹನ್ನೆರಡನೆಯ ಒಂದು ಪಾಲು ಮಾತ್ರ ಇರುತ್ತದೆ. ತಪ್ಪಿನ ಮೂಲವನ್ನು ಗುರುತಿಸಲು ಈ ಪ್ರಮಾಣವೇ ಸಾಕು.

V ಯ ಹಿಂದಿರುವ ಕಾರಣವನ್ನು ಒಂದು ಮನೆವಾರ್ತೆಯ ಲೆಕ್ಕದಿಂದ ತೋರಿಸಬಹುದು. ತಿಂಗಳ ಮೊದಲ ದಿನ 30,000 ರೂಪಾಯಿ ಸಂಬಳ ಪಡೆದು, ದಿನವೂ ಸಮನಾಗಿ ಖರ್ಚು ಮಾಡಿ, ಕೊನೆಯ ದಿನ ಕೈ ಬರಿದಾಗುವ ಒಬ್ಬ ನೌಕರನಿದ್ದಾನೆ. ಅವನ ಕೈಯಲ್ಲಿ ಸರಾಸರಿ ಇರುವ ಹಣ 15,000. ವರ್ಷದ ಖರ್ಚು 3,60,000. ಭಾಗಿಸಿದರೆ ವೇಗ ವರ್ಷಕ್ಕೆ 24. ಈಗ ಅದೇ ಸಂಬಳವನ್ನು ವಾರಕ್ಕೊಮ್ಮೆ 7,500 ರೂಪಾಯಿಯಂತೆ ಕೊಡಲಾಗುತ್ತದೆ ಎಂದುಕೊಳ್ಳಬೇಕು. ಸರಳತೆಗಾಗಿ ತಿಂಗಳಿಗೆ ನಾಲ್ಕೇ ವಾರವೆಂದು ಹಿಡಿಯಬಹುದು. ಕೈಯಲ್ಲಿರುವ ಸರಾಸರಿ ಹಣ 3,750ಕ್ಕೆ ಇಳಿಯುತ್ತದೆ. ವರ್ಷದ ಖರ್ಚು ಮೊದಲಿನಷ್ಟೇ. ವೇಗ 96 ಆಗುತ್ತದೆ. ಮನುಷ್ಯ ಹೆಚ್ಚು ದುಂದುಗಾರನಾಗಲಿಲ್ಲ. ಸಂಬಳದ ಅವಧಿ ಮಾತ್ರ ಬದಲಾಯಿತು. ಹಣವು ಕೈಯಲ್ಲಿ ತಂಗುವ ಕಾಲ ಕುಗ್ಗಿದಷ್ಟೂ ವೇಗ ಹೆಚ್ಚುತ್ತದೆ ಎಂಬುದೇ ಇದರ ಸಾರ. ಕೇಂಬ್ರಿಜ್ ಅರ್ಥಶಾಸ್ತ್ರಜ್ಞರು k ಎಂದು ಕರೆದದ್ದು ಈ ತಂಗುವ ಪ್ರಮಾಣವನ್ನೇ. ಹಣದ ಹಾಗೂ ಆದಾಯದ ಅಳತೆಗಳು ಒಂದೇ ಆಗಿದ್ದಾಗ k ಎಂಬುದು V ಯ ವಿಲೋಮ.

ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಷರ್ ಇದೇ ಬಗೆಯ ಅಳತೆಯನ್ನು ತನ್ನ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಮಾಡಿಸಿದ್ದನು. ನೂರಕ್ಕೂ ಹೆಚ್ಚು ಮಂದಿ, ಬಹುಪಾಲು ವಿದ್ಯಾರ್ಥಿಗಳು, ತಮ್ಮ ಖರ್ಚನ್ನೂ ಕೈಯಲ್ಲುಳಿದ ಹಣವನ್ನೂ ಬರೆದಿಟ್ಟರು. ಅವರ ನಗದಿನ ವೇಗ ವರ್ಷಕ್ಕೆ ಸುಮಾರು 66 ಎಂದು ತಿಳಿದುಬಂತು. ಮೇಲ್ತರಗತಿಯ ವಿದ್ಯಾರ್ಥಿಗಳು ತಮ್ಮ ಮನೆಯ ದಿನಸಿ ಖರ್ಚಿನ ಚೀಟಿಯೊಂದಿಗೆ ಹದಿನೈದು ದಿನ ಈ ಅಭ್ಯಾಸವನ್ನು ಮಾಡಿದರೆ V ಎಂಬುದು ಅವರಿಗೆ ಬರಿಯ ಅಕ್ಷರವಾಗಿ ಉಳಿಯುವುದಿಲ್ಲ.

ಫಿಷರ್ 1911ರಲ್ಲಿ ಪ್ರಕಟಿಸಿದ ಹಣದ ಕೊಳ್ಳುವ ಶಕ್ತಿಯನ್ನು ಕುರಿತ ಗ್ರಂಥದಲ್ಲಿ ಸಮೀಕರಣವನ್ನು ವಿಸ್ತರಿಸಿದನು. ನಗದು ಹಣವೂ, ಚೆಕ್ಕಿನ ಮೂಲಕ ಕೈ ಬದಲಿಸುವ ಬ್ಯಾಂಕ್ ಠೇವಣಿಯೂ ಬೇರೆ ಬೇರೆ ವೇಗದಲ್ಲಿ ಸುತ್ತುವುದರಿಂದ ಅವನು MV + M'V' = PT ಎಂದು ಬರೆದನು. ಇಲ್ಲಿ M' ಎಂದರೆ ಠೇವಣಿ, V' ಎಂದರೆ ಅದರ ವೇಗ. ಅಷ್ಟಕ್ಕೇ ನಿಲ್ಲದೆ ಅಮೆರಿಕದ 1896ರಿಂದ 1909ರವರೆಗಿನ ಅಂಕಿಗಳನ್ನು ಅಂದಾಜು ಮಾಡಿ ಅದರಲ್ಲಿ ತುಂಬಿದನು. ಕಲ್ಪಿತ ಸಂಖ್ಯೆಗಳಿಗಿಂತ ಈ ಅಂಕಿಗಳೇ ತರಗತಿಯ ಅಭ್ಯಾಸಕ್ಕೆ ಉತ್ತಮ ಸಾಮಗ್ರಿ. ಹಣದ ಮೊತ್ತಗಳೆಲ್ಲ ಶತಕೋಟಿ ಡಾಲರುಗಳಲ್ಲಿವೆ. T ಯನ್ನು 1909ರ ಬೆಲೆಗಳಲ್ಲಿ ಅಳೆದಿರುವುದರಿಂದ ಆ ವರ್ಷದ P ಯು 1 ಆಗಿರುತ್ತದೆ.

1896ರಲ್ಲಿ M 0.88, V 18.8, M' 2.71, V' 36.6, T 191.
1909ರಲ್ಲಿ M 1.63, V 21.1, M' 6.68, V' 52.8, T 387.

1896ರ ಲೆಕ್ಕವನ್ನು ಮೊದಲು ಮಾಡಬೇಕು. ನಗದಿನ ಪಾಲು 0.88 × 18.8 = 16.5. ಠೇವಣಿಯ ಪಾಲು 2.71 × 36.6 = 99.2. ಎರಡೂ ಕೂಡಿ 115.7. ಇದನ್ನು 191ರಿಂದ ಭಾಗಿಸಿದರೆ P ಸುಮಾರು 0.60, ಅಂದರೆ 1909ರ ಬೆಲೆಗಳು 100 ಇದ್ದಾಗ 1896ರ ಬೆಲೆಗಳು 60. ಇನ್ನು 1909ರಲ್ಲಿ ನಗದು 34.4, ಠೇವಣಿ 352.7, ಒಟ್ಟು 387. 387ರಿಂದ ಭಾಗಿಸಿದರೆ 1. ಹದಿಮೂರು ವರ್ಷಗಳಲ್ಲಿ ಬೆಲೆ ಮಟ್ಟ ಸುಮಾರು ಮೂರನೆಯ ಎರಡು ಪಾಲಿನಷ್ಟು ಏರಿತು. ಆ ಕಾಲದಲ್ಲಿ ದಕ್ಷಿಣ ಆಫ್ರಿಕದ ಗಣಿಗಳಿಂದ ಚಿನ್ನ ಹೇರಳವಾಗಿ ಬರುತ್ತಿತ್ತು. ಅದಿರಿನಿಂದ ಚಿನ್ನವನ್ನು ಬೇರ್ಪಡಿಸುವ ಸಯನೈಡ್ ವಿಧಾನವೂ ಬಳಕೆಗೆ ಬಂದಿತ್ತು. ಹಣವು ಚಿನ್ನಕ್ಕೆ ಕಟ್ಟುಬಿದ್ದಿದ್ದ ದಿನಗಳವು.

ನಿಜವಾದ ಪಾಠ ಇಲ್ಲಿಂದ ಆರಂಭವಾಗುತ್ತದೆ. ಹಣ ಮತ್ತು ಠೇವಣಿ ಮಾತ್ರ 1909ರ ಮಟ್ಟಕ್ಕೆ ಏರಿ, ವೇಗಗಳೂ ವ್ಯವಹಾರವೂ 1896ರಲ್ಲಿದ್ದಂತೆಯೇ ಉಳಿದಿದ್ದರೆ ಬೆಲೆ ಎಷ್ಟಾಗುತ್ತಿತ್ತು? ನಗದು 1.63 × 18.8 = 30.6, ಠೇವಣಿ 6.68 × 36.6 = 244.5, ಒಟ್ಟು 275.1. 191ರಿಂದ ಭಾಗಿಸಿದರೆ 1.44. ಅಂದರೆ ಬೆಲೆ 60ರಿಂದ 144ಕ್ಕೆ ನೆಗೆಯುತ್ತಿತ್ತು. ಇನ್ನೊಂದು ಹೆಜ್ಜೆ ಮುಂದೆ ಹೋಗಿ ವೇಗಗಳನ್ನೂ 1909ರವೆಂದೇ ಇಟ್ಟು, ವ್ಯವಹಾರವನ್ನು ಮಾತ್ರ ಹಳೆಯದೇ ಇರಿಸಿದರೆ 387ನ್ನು 191ರಿಂದ ಭಾಗಿಸಬೇಕು. ಬೆಲೆ 203 ಆಗುತ್ತದೆ. ವಾಸ್ತವದಲ್ಲಿ ಅದು 100ಕ್ಕೆ ನಿಂತದ್ದು T ಇಮ್ಮಡಿಯಾದುದರಿಂದ. ಒಂದೇ ಕೋಷ್ಟಕದಿಂದ ಮೂರು ಪ್ರಶ್ನೆಗಳು ಹುಟ್ಟಿದವು. ಮೂರಕ್ಕೂ ಸೂತ್ರ ಒಂದೇ, ಸ್ಥಿರವೆಂದು ಹಿಡಿದದ್ದು ಮಾತ್ರ ಬೇರೆ.

ಈ ಅಭ್ಯಾಸಕ್ಕೆ ಒಂದು ಮಿತಿಯುಂಟು; ಅದನ್ನು ವಿದ್ಯಾರ್ಥಿಗಳಿಗೆ ಹೇಳಲೇಬೇಕು. ಇದು ಅಂಕಗಣಿತದ ಬಿಡಿಸುವಿಕೆ, ಚರಿತ್ರೆಯ ವಿವರಣೆಯಲ್ಲ. ಹಣ ಹೆಚ್ಚಿದ್ದರಿಂದಲೇ ವ್ಯಾಪಾರ ಬೆಳೆದಿರಬಹುದು. ವ್ಯಾಪಾರ ಬೆಳೆದದ್ದರಿಂದಲೇ ಠೇವಣಿಗಳು ಹೆಚ್ಚಿರಬಹುದು. ಒಂದನ್ನು ಬದಲಿಸಿ ಇನ್ನೊಂದನ್ನು ನಿಲ್ಲಿಸುವುದು ಕಾಗದದ ಮೇಲೆ ಸುಲಭ, ಲೋಕದಲ್ಲಿ ಕಠಿಣ. ಗಮನಿಸಬೇಕಾದ ಮತ್ತೊಂದು ಅಂಶವೆಂದರೆ, V ಮತ್ತು T ಸ್ಥಿರವೆಂದು ಪಠ್ಯಪುಸ್ತಕಗಳು ಫಿಷರನ ಹೆಸರಿನಲ್ಲಿ ಬರೆಯುತ್ತವೆ. ಅವನದೇ ಅಂಕಿಗಳಲ್ಲಿ ಠೇವಣಿಯ ವೇಗ 36.6ರಿಂದ 52.8ಕ್ಕೆ ಏರಿದೆ. ವೇಗ ಬದಲಾಗುವುದೇ ಇಲ್ಲವೆಂಬುದು ಅವನ ವಾದವಾಗಿರಲಿಲ್ಲ. ಪಾವತಿಯ ರೂಢಿ, ಸಂಬಳದ ಅವಧಿ, ಸಾರಿಗೆ ಮೊದಲಾದ ಬೇರೆ ಕಾರಣಗಳಿಂದ ಅದು ಬದಲಾಗುತ್ತದೆ, ಹಣದ ಪರಿಮಾಣ ಬದಲಾದ ಮಾತ್ರಕ್ಕೆ ಶಾಶ್ವತವಾಗಿ ಬದಲಾಗದು ಎಂಬುದು ಅವನ ನಿಲುವು. ಸ್ಥಿರ ಎಂಬ ಪದವನ್ನು ಈ ಅರ್ಥದಲ್ಲಿ ವಿವರಿಸಿದರೆ ವಿದ್ಯಾರ್ಥಿಗೆ ಗೊಂದಲವಿರದು.

ಇನ್ನು ಶೇಕಡಾವಾರು ಪ್ರಶ್ನೆಗಳು. ಹಣದ ಪೂರೈಕೆ ಶೇ. 20 ಹೆಚ್ಚಿತು, ಉತ್ಪನ್ನ ಶೇ. 5 ಹೆಚ್ಚಿತು, ವೇಗ ಸ್ಥಿರ. ಬೆಲೆ ಎಷ್ಟು ಏರಿತು? ಇಪ್ಪತ್ತರಿಂದ ಐದನ್ನು ಕಳೆದು 15 ಎಂದು ಬರೆಯುವುದು ರೂಢಿ. ಅದು ಅಂದಾಜು ಮಾತ್ರ. ಗುಣಾಕಾರದ ಸಂಬಂಧವನ್ನು ಕೂಡುವ ಕಳೆಯುವ ಸಂಬಂಧದಂತೆ ಎಣಿಸಿದ್ದರಿಂದ ಅಲ್ಪ ವ್ಯತ್ಯಾಸ ಬರುತ್ತದೆ. 1.20ನ್ನು 1.05ರಿಂದ ಭಾಗಿಸಿದರೆ 1.143; ಏರಿಕೆ ಶೇ. 14.3. ಇಲ್ಲಿ ವ್ಯತ್ಯಾಸ ಸಣ್ಣದು. ಆದರೆ ಹಣ ಶೇ. 100 ಮತ್ತು ಉತ್ಪನ್ನ ಶೇ. 50 ಹೆಚ್ಚಿದಾಗ ಕಳೆಯುವ ವಿಧಾನ 50 ಎನ್ನುತ್ತದೆ, 2ನ್ನು 1.5ರಿಂದ ಭಾಗಿಸಿದರೆ ನಿಜವಾದ ಏರಿಕೆ ಶೇ. 33.3. ಬದಲಾವಣೆ ಚಿಕ್ಕದಿದ್ದಾಗ ಮಾತ್ರ ಕಳೆಯುವ ದಾರಿ ಸಲ್ಲುತ್ತದೆ. ಎಲ್ಲವನ್ನೂ ಮೊದಲ ವರ್ಷ 100 ಎಂದು ಬರೆದುಕೊಂಡು, ಎರಡನೆಯ ವರ್ಷದ ಅಂಕಿಗಳನ್ನು ಅದರ ಕೆಳಗೆ ಇಟ್ಟು ಭಾಗಿಸುವ ಅಭ್ಯಾಸವಾದರೆ ಈ ತಪ್ಪು ಉಂಟಾಗುವುದೇ ಇಲ್ಲ.

ಕೊನೆಯದಾಗಿ ನಮ್ಮ ದೇಶದ ಒಂದು ಉದಾಹರಣೆ. ಇಂದಿನ ಲೆಕ್ಕಗಳಲ್ಲಿ ಎಲ್ಲ ವ್ಯವಹಾರಗಳ ಬದಲು ಒಟ್ಟು ದೇಶೀಯ ಉತ್ಪನ್ನವನ್ನು ಬಳಸಿ MV = PY ಎಂದು ಬರೆಯುವುದು ವಾಡಿಕೆ. Y ಎಂಬುದು ನೈಜ ಉತ್ಪನ್ನ. PY ಎಂಬುದು ಚಾಲ್ತಿ ಬೆಲೆಯ ಉತ್ಪನ್ನ. ಈ ಸಮೀಕರಣದ V ಗೆ ಆದಾಯದ ವೇಗವೆಂದು ಹೆಸರು. ಹಳೆಯ ವಸ್ತುಗಳ ಮಾರಾಟ, ಶೇರು ವ್ಯಾಪಾರ, ಕಚ್ಚಾ ಸಾಮಗ್ರಿಯ ಖರೀದಿ ಮೊದಲಾದವು Y ನಲ್ಲಿ ಸೇರದಿರುವುದರಿಂದ ಈ ವೇಗವು ಫಿಷರನ ವೇಗಕ್ಕಿಂತ ಬಹಳ ಕಡಿಮೆಯಿರುತ್ತದೆ. ಎರಡನ್ನೂ ಹೋಲಿಸಿ ಭಾರತದಲ್ಲಿ ಹಣ ನಿಧಾನವಾಗಿ ಓಡುತ್ತದೆ ಎಂದು ಬರೆಯುವುದು ತಪ್ಪು.

2019-20ರಲ್ಲಿ ಭಾರತದ ಚಾಲ್ತಿ ಬೆಲೆಯ ಉತ್ಪನ್ನ ಸುಮಾರು 201 ಲಕ್ಷ ಕೋಟಿ ರೂಪಾಯಿ. 2020ರ ಮಾರ್ಚ್ ಕೊನೆಯಲ್ಲಿ M3 ಎಂಬ ವಿಶಾಲ ಹಣ ಸುಮಾರು 168 ಲಕ್ಷ ಕೋಟಿ. ಭಾಗಿಸಿದರೆ ವೇಗ 1.20. ಕೋವಿಡ್ ವರ್ಷವಾದ 2020-21ರಲ್ಲಿ ಉತ್ಪನ್ನ ಸುಮಾರು 198 ಲಕ್ಷ ಕೋಟಿ; ವರ್ಷಾಂತ್ಯದ M3 ಸುಮಾರು 188 ಲಕ್ಷ ಕೋಟಿ. ವೇಗ 1.05. ಹಣ ಶೇ. 12ರಷ್ಟು ಹೆಚ್ಚಿತು, ನೈಜ ಉತ್ಪನ್ನ ಸುಮಾರು ಶೇ. 6ರಷ್ಟು ಕುಸಿಯಿತು. ವೇಗ ಸ್ಥಿರವೆಂದು ಕುರುಡಾಗಿ ಹಿಡಿದ ವಿದ್ಯಾರ್ಥಿಯು 1.12ನ್ನು 0.94ರಿಂದ ಭಾಗಿಸಿ, ಬೆಲೆಗಳು ಶೇ. 19 ಏರಬೇಕಿತ್ತು ಎನ್ನುತ್ತಾನೆ. ವಾಸ್ತವದಲ್ಲಿ ಉತ್ಪನ್ನದ ಬೆಲೆ ಮಟ್ಟ ಏರಿದ್ದು ಸುಮಾರು ಶೇ. 5. ನಡುವಿನ ಅಂತರವನ್ನು ತುಂಬಿದ್ದು ವೇಗದ ಇಳಿಕೆ, 1.05ನ್ನು 1.20ರಿಂದ ಭಾಗಿಸಿದರೆ ಅದು ಶೇ. 12ಕ್ಕೂ ಹೆಚ್ಚು. ಅಂಗಡಿ ಮುಂಗಟ್ಟುಗಳು ಮುಚ್ಚಿದ್ದ, ನಾಳೆಯ ಭಯವಿದ್ದ ಆ ತಿಂಗಳುಗಳಲ್ಲಿ ಹಣ ಮನೆಗಳಲ್ಲೂ ಬ್ಯಾಂಕ್ ಖಾತೆಗಳಲ್ಲೂ ತಂಗಿತು. ಸಂತೆಯ ಬೆಲ್ಲದ ವ್ಯಾಪಾರಿ ಮಾಡಿದ್ದನ್ನೇ ಒಂದು ದೇಶ ಮಾಡಿತು.

ಈ ಲೆಕ್ಕದಲ್ಲಿ V ಯನ್ನು ಯಾರೂ ನೇರವಾಗಿ ಅಳೆದಿಲ್ಲ ಎಂಬುದು ಮುಖ್ಯ. PY ಯನ್ನು M ನಿಂದ ಭಾಗಿಸಿದಾಗ ಉಳಿದದ್ದೇ V. M3 ಬದಲು ನಗದನ್ನು ಮಾತ್ರ ಹಿಡಿದರೆ, ಅಥವಾ ವರ್ಷಾಂತ್ಯದ ಬದಲು ವರ್ಷದ ಸರಾಸರಿಯನ್ನು ಹಿಡಿದರೆ V ಬೇರೆಯೇ ಬರುತ್ತದೆ. ಹೀಗೆ ಪಡೆದ V ಯನ್ನು ಅದೇ ವರ್ಷದ ಸಮೀಕರಣದಲ್ಲಿ ಮತ್ತೆ ಇಟ್ಟು ಸಿದ್ಧಾಂತ ನಿಜವಾಯಿತು ಎಂದು ಬರೆಯುವುದು ಸುತ್ತಿ ಬಂದು ಹೊರಟಲ್ಲಿಗೇ ಸೇರಿದಂತೆ.

ಗಡಿನಾಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇನ್ನೊಂದು ತೊಡಕಿದೆ. V ಗೆ ಒಂದು ಪುಸ್ತಕದಲ್ಲಿ ಚಲಾವಣೆಯ ವೇಗ, ಮತ್ತೊಂದರಲ್ಲಿ ಚಲನವೇಗ ಎಂದಿರಬಹುದು. ಅನುವಾದಿತ ಪ್ರಶ್ನೆಪತ್ರಿಕೆಯಲ್ಲಿ ಮೂರನೆಯ ಪದವೇ ಬರಬಹುದು. ಅಕ್ಷರದ ಅರ್ಥವನ್ನು ಅರಿತವನು ಪದ ಬದಲಾದರೂ ಲೆಕ್ಕವನ್ನು ಗುರುತಿಸುತ್ತಾನೆ; ಪದವನ್ನಷ್ಟೇ ಬಾಯಿಪಾಠ ಮಾಡಿದವನು ತಿಳಿದ ಲೆಕ್ಕವನ್ನೂ ಬಿಟ್ಟು ಬರುತ್ತಾನೆ. ಆದಕಾರಣ ಉತ್ತರ ಬರೆಯುವ ಮುನ್ನ ನಾಲ್ಕು ಅಕ್ಷರಗಳ ಎದುರು ಅವುಗಳ ಅಳತೆಯನ್ನು ಬರೆಯಿಸಬೇಕು: M ರೂಪಾಯಿಗಳಲ್ಲಿ, V ವರ್ಷಕ್ಕೆ ಇಷ್ಟು ಬಾರಿ, T ವರ್ಷಕ್ಕೆ ಇಷ್ಟು ಘಟಕ, P ಘಟಕಕ್ಕೆ ಇಷ್ಟು ರೂಪಾಯಿ. ಅದರ ಕೆಳಗೆ ಯಾವುದು ಸ್ಥಿರವೆಂಬ ಒಂದು ಸಾಲು. ಪ್ರಶ್ನೆಯನ್ನು ರಚಿಸುವ ಅಧ್ಯಾಪಕರೂ ಆ ಸಾಲನ್ನು ಪ್ರಶ್ನೆಯಲ್ಲೇ ಕೊಡಬೇಕು. ಮೌಲ್ಯಮಾಪನದಲ್ಲಿ ಈ ಎರಡಕ್ಕೆ ಅಂಕ ಮೀಸಲಿಟ್ಟರೆ, ಉತ್ತರ 2 ಎಂದು ಅಡಿಗೆರೆ ಎಳೆದ ವಿದ್ಯಾರ್ಥಿಯು ಅದು ಘಟಕಕ್ಕೆ ಎರಡು ರೂಪಾಯಿ ಎಂದೂ, ನಾಲ್ಕುನೂರು ಕೋಟಿ ರೂಪಾಯಿ ವರ್ಷದಲ್ಲಿ ಐದು ಬಾರಿ ಕೈ ಬದಲಿಸಿದ್ದರಿಂದ ಬಂದ ಬೆಲೆ ಅದು ಎಂದೂ ಹೇಳಬಲ್ಲನು.